ಸ್ಟೆರಾಯ್ಡ್ ಮಾತ್ರೆ ನುಂಗಿದ ಎಂಟು ವಾರ

ಕಣ್ಣಿನ ಒಳಗೆ ಉರಿಯೂತ ಬಂದಿತ್ತು. ಯುವಿಯೈಟಿಸ್ ಅಂದರು. ಪ್ರೆಡ್ನಿಸೊಲೋನ್ ಅನ್ನುವ ಸ್ಟೆರಾಯ್ಡ್ ದಿನಕ್ಕೆ 40 ಮಿಲಿಗ್ರಾಂ, ವಾರಕ್ಕೆ 5ರಂತೆ ಇಳಿಸಬೇಕು. ಒಟ್ಟು ಎಂಟು ವಾರ.

ನಾಲ್ಕನೇ ದಿನಕ್ಕೆ ಹಸಿವು ಶುರುವಾಯಿತು. ಅದು ಮಾಮೂಲಿ ಹಸಿವಲ್ಲ. ಮಧ್ಯಾಹ್ನ ಹೊಟ್ಟೆ ತುಂಬಾ ಉಂಡು ಕೈ ತೊಳೆಯುವಾಗಲೇ ಮತ್ತೆ ಏನಾದರೂ ಬೇಕು ಅನ್ನಿಸುತ್ತಿತ್ತು. ಒಂದು ರಾತ್ರಿ ಎರಡು ಗಂಟೆಗೆ ಎದ್ದು, ಲೈಟ್ ಕೂಡ ಹಾಕದೆ, ಡಬ್ಬಿಯಲ್ಲಿದ್ದ ತಣ್ಣನೆಯ ಚಪಾತಿ ಮೂರು ತಿಂದೆ. ನನಗೆ ನಾಲಿಗೆಯ ಮೇಲೆ ಹಿಡಿತವಿಲ್ಲ ಅಂತ ಅಳು ಬಂತು. ಇದು ಮಾತ್ರೆ ಹುಟ್ಟಿಸುವ ಹಸಿವು ಅಂತ ಡಾಕ್ಟರ್ ಹೇಳಿದ ಮೇಲೇ ಸಮಾಧಾನವಾಗಿದ್ದು.

ಎಂಟು ದಿನಕ್ಕೆ ತೂಕ 62ರಿಂದ 64 ಕಿಲೋ ಆಗಿತ್ತು. ಇಷ್ಟು ಬೇಗ ಬಂದಿದ್ದರಲ್ಲಿ ಹೆಚ್ಚಿನದು ನೀರು. ಈ ಮಾತ್ರೆ ಮೈಯಲ್ಲಿ ಉಪ್ಪು, ನೀರು ನಿಲ್ಲುವಂತೆ ಮಾಡುತ್ತದೆ. ಸಾಕ್ಸ್ ತೆಗೆದರೆ ಕಾಲಲ್ಲಿ ಆಳವಾದ ಗೆರೆ, ಬೆರಳಿನ ಉಂಗುರ ಬಿಗಿ. ಉಪ್ಪಿನಕಾಯಿ, ಹಪ್ಪಳ, ಖಾರದ ಮಿಕ್ಸ್‌ಚರ್ ಬಿಟ್ಟೆ. ನಾಲ್ಕೈದು ದಿನದಲ್ಲಿ ಉಂಗುರ ಸಡಿಲವಾಯಿತು. ಆಮೇಲೆ ನಿಧಾನವಾಗಿ ಏರಿದ್ದು ಮಾತ್ರ ತಿಂದಿದ್ದರಿಂದಲೇ.

ಹಸಿವನ್ನು ಸುಮ್ನೆ ತಡೆದುಕೊಂಡರೆ ರಾತ್ರಿ ಎರಡರಷ್ಟು ತಿನ್ನುತ್ತಿದ್ದೆ. ಹಾಗಾಗಿ ಹನ್ನೊಂದಕ್ಕೂ ನಾಲ್ಕಕ್ಕೂ ತಿನ್ನುವುದು ಅಂತಲೇ ನಿಗದಿ ಮಾಡಿಕೊಂಡೆ. ಬೇಯಿಸಿದ ಹೆಸರುಕಾಳು, ಮೊಟ್ಟೆ, ಸೌತೆಕಾಯಿ, ನೀರು ಮಜ್ಜಿಗೆ. ಬಿಸ್ಕತ್ತು ಮನೆಗೆ ತರುವುದನ್ನೇ ನಿಲ್ಲಿಸಿದೆವು. ಬೆಳಿಗ್ಗೆ ಮಾತ್ರೆ ತಗೊಂಡರೆ ಶುಗರ್ ಏರುವುದು ಮಧ್ಯಾಹ್ನದ ಮೇಲೆ. ಖಾಲಿ ಹೊಟ್ಟೆಯ ಟೆಸ್ಟ್ ಒಂದನ್ನೇ ನೋಡಿದರೆ ಅದು ತಪ್ಪಿಹೋಗಬಹುದು. ಅದಕ್ಕೇ ಊಟವಾಗಿ ಎರಡು ಗಂಟೆಯ ನಂತರವೂ ನೋಡಿಸಿದೆ.

ಹೊಟ್ಟೆ ಉರಿ ನಾನೇ ತಂದುಕೊಂಡಿದ್ದು. ಆತುರದಲ್ಲಿ ಬರೀ ಕಾಫಿ ಜೊತೆ ನಾಲ್ಕು ಮಾತ್ರೆ ನುಂಗುತ್ತಿದ್ದೆ. ಮೂರನೇ ವಾರ ಸೊಂಟ ನೋವಿಗೆ ಮೆಡಿಕಲ್ ಶಾಪ್‌ನಿಂದ ಡೈಕ್ಲೋಫೆನಾಕ್ ತಂದು ಎರಡು ದಿನ ತಗೊಂಡೆ. ಎದೆಗುಂಡಿಗೆಯ ಕೆಳಗೆ ಕೆಂಡ ಇಟ್ಟ ಹಾಗೆ. ಸ್ಟೆರಾಯ್ಡ್ ಜೊತೆ ಇಂಥ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಬರುವ ಅಪಾಯ ತುಂಬಾ ಜಾಸ್ತಿ. ಮಲ ಡಾಂಬರಿನಂತೆ ಕಪ್ಪಾಗಿದೆಯಾ ಅಂತ ಡಾಕ್ಟರ್ ಮೊದಲು ಕೇಳಿದ್ದು ಅದನ್ನೇ. ಕಪ್ಪಾಗಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕಂತೆ. ನನಗೆ ಹಾಗಾಗಿರಲಿಲ್ಲ. ಡೈಕ್ಲೋಫೆನಾಕ್ ನಿಲ್ಲಿಸಿ, ತಿಂಡಿಗೆ ಅರ್ಧ ಗಂಟೆ ಮುಂಚೆ ಹೊಟ್ಟೆಯ ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್ ಬರೆದುಕೊಟ್ಟರು. ಸ್ಟೆರಾಯ್ಡ್ ತಿಂಡಿ ಮುಗಿದ ಮೇಲೆ. ಒಂದೇ ವಾರಕ್ಕೆ ಉರಿ ತಗ್ಗಿತು.

ಆ ನೋವಲ್ಲಿ ಸ್ಟೆರಾಯ್ಡನ್ನೇ ಬಿಟ್ಟುಬಿಡೋಣ ಅನ್ನಿಸಿತ್ತು. ಅದೊಂದು ಮಾಡಬೇಡಿ ಅಂದರು. ವಾರಗಟ್ಟಲೆ ತಗೊಂಡಾಗ ದೇಹ ತನ್ನದೇ ಸ್ಟೆರಾಯ್ಡ್ ಆದ ಕಾರ್ಟಿಸಾಲ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ತಟ್ಟನೆ ಬಿಟ್ಟರೆ ವಾಂತಿ, ವಿಪರೀತ ಸುಸ್ತು, ಬಿಪಿ ಕುಸಿತ.

ಆರನೇ ವಾರ 15 ಮಿಲಿಗ್ರಾಂಗೆ ಇಳಿದಾಗ ತೂಕ 66 ಇತ್ತು, ಮುಖ ಉಬ್ಬಿತ್ತು. ಆ ವಾರವೇ ಒಂದು ದಿನ ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿಸಿ ಎದ್ದೆ. ಅಮ್ಮ ತಟ್ಟೆ ನೋಡಿ, “ಸಾಕಾಯ್ತೇನೋ?” ಅಂದರು.