ಹಳೇ ಕಾರಿಗೆ ಆಂಡ್ರಾಯ್ಡ್ ಸ್ಟೀರಿಯೊ: ಸ್ಟೀರಿಂಗ್ ಬಟನ್ ಕೆಲಸ ಮಾಡಬೇಕಾದರೆ ಹೀಗೆ ಮಾಡಿ

ಹಳೇ ಸ್ವಿಫ್ಟ್, ಐ20, ಪೋಲೊಗಳಿಗೆ ಒಂಬತ್ತು ಇಂಚಿನ ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿಕೊಂಡವರು ಮಂಗಳೂರು, ಉಡುಪಿ ಕಡೆ ಬೇಕಾದಷ್ಟು ಜನ ಇದ್ದಾರೆ. ಮ್ಯಾಪ್ ಬರುತ್ತದೆ, ಹಾಡು ಬರುತ್ತದೆ. ಸ್ಟೀರಿಂಗ್ ಮೇಲಿನ ಬಟನ್ ಮಾತ್ರ ಸತ್ತಿರುತ್ತದೆ. ಇಲ್ಲವೇ ವಾಲ್ಯೂಮ್ ಏರಿಸಲು ಒತ್ತಿದರೆ ಹಾಡೇ ಬದಲಾಗುತ್ತದೆ. ಕೇಳಿದರೆ "ಹಳೇ ಕಾರಲ್ವಾ ಮಾರಾಯ್ರೆ, ಅದು ಬರುವುದಿಲ್ಲ" ಎಂಬ ಉತ್ತರ. ಹೆಚ್ಚಿನ ಕಾರುಗಳಲ್ಲಿ ಅದು ಬರುತ್ತದೆ. ಎರಡು ವೈರನ್ನು ಸರಿಯಾಗಿ ಅಳೆದು ಜೋಡಿಸುವ ತಾಳ್ಮೆ ಬೇಕು, ಅಷ್ಟೇ.

ಸೆಟ್ ಆರಿಸುವುದು

ರ‍್ಯಾಮ್ ಕನಿಷ್ಠ 2 ಜಿಬಿ, ಸ್ಟೋರೇಜ್ 32 ಜಿಬಿ ಇರಲಿ. 1 ಜಿಬಿಯದ್ದು ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ಬೇಡ. ಮ್ಯಾಪ್ ಮತ್ತು ಹಾಡು ಒಟ್ಟಿಗೆ ಓಡಿದರೆ ಅದು ಉಸಿರು ಬಿಡುತ್ತದೆ. ಡಬ್ಬದ ಮೇಲೆ ಬರೆದದ್ದನ್ನು ನಂಬಬೇಡಿ. ಅಗ್ಗದ ಸೆಟ್‌ಗಳಲ್ಲಿ ಆಂಡ್ರಾಯ್ಡ್ ಆವೃತ್ತಿಯನ್ನೂ ರ‍್ಯಾಮನ್ನೂ ಸುಳ್ಳೇ ತೋರಿಸುವುದುಂಟು. ಅಂಗಡಿಯಲ್ಲೇ ಸೆಟ್ ಆನ್ ಮಾಡಿಸಿ, CPU-Z ಆ್ಯಪ್ ಹಾಕಿ ನೋಡಿ. "4×50 ವ್ಯಾಟ್" ಎಂಬುದೂ ಲೇಬಲ್ಲಿನ ಮಾತೇ. ಸೆಟ್ಟಿನ ಒಳಗಿನ ಆಂಪ್ಲಿಫೈಯರ್ ಅಷ್ಟನ್ನು ನಿರಂತರವಾಗಿ ಕೊಡುವುದಿಲ್ಲ. ಫ್ರೇಮ್ ನಿಮ್ಮ ಕಾರಿನ ಮಾಡೆಲ್‌ಗೇ ಮಾಡಿದ್ದಾಗಿರಬೇಕು. ಯಾವುದೋ ಫ್ರೇಮನ್ನು ಉಜ್ಜಿ ಕೂರಿಸಿದರೆ ನಮ್ಮ ರಸ್ತೆಯ ಗುಂಡಿಗಳಿಗೆ ವಾರದಲ್ಲೇ ಕಿರಿಕಿರಿ ಶಬ್ದ ಶುರು.

ನಿಮ್ಮ ಸ್ಟೀರಿಂಗ್ ಯಾವ ಜಾತಿಯದ್ದು?

ಅಡಾಪ್ಟರ್ ಕೊಳ್ಳುವ ಮೊದಲು ಇದು ಗೊತ್ತಾಗಲೇಬೇಕು. ಹಳೇ ಹ್ಯಾಚ್‌ಬ್ಯಾಕ್‌ಗಳಲ್ಲಿ ಎರಡು ಬಗೆ ಇವೆ.

ಮೊದಲನೆಯದು ರೆಸಿಸ್ಟರ್ ಬಗೆ. ಒಂದೊಂದು ಬಟನ್ ಹಿಂದೆ ಒಂದೊಂದು ಬೆಲೆಯ ರೆಸಿಸ್ಟರ್ ಇರುತ್ತದೆ. ಬಟನ್ ಒತ್ತಿದಾಗ ವೈರಿನಲ್ಲಿ ಕಾಣುವ ಓಮ್ ಬದಲಾಗುತ್ತದೆ. ಆ ಬದಲಾವಣೆ ನೋಡಿ ಯಾವ ಬಟನ್ ಎಂದು ಸ್ಟೀರಿಯೊ ತಿಳಿಯುತ್ತದೆ. ಆಂಡ್ರಾಯ್ಡ್ ಸೆಟ್‌ಗೆ ಇದನ್ನು ನೇರವಾಗಿ ಓದಲು ಬರುತ್ತದೆ. ಅದಕ್ಕೇ ಹಿಂದಿನ ವೈರುಗಳಲ್ಲಿ KEY1, KEY2 ಎಂಬ ಎರಡು ವೈರ್ ಇರುವುದು. ಬೇರೆ ಅಡಾಪ್ಟರ್ ಪೆಟ್ಟಿಗೆ ಬೇಕಿಲ್ಲ. ಬ್ರಾಂಡೆಡ್ ಸ್ಟೀರಿಯೊಗಳ ರಿಮೋಟ್ ಜ್ಯಾಕ್‌ಗೆ ಚುಚ್ಚುವ ಅಡಾಪ್ಟರನ್ನು ಇದಕ್ಕೂ ಬೇಕೆಂದು ಮಾರುತ್ತಾರೆ, ಸುಮ್ನೆ ದುಡ್ಡು ದಂಡ.

ಎರಡನೆಯದು ಕ್ಯಾನ್ ಬಗೆ. ಪೋಲೊ ಇದಕ್ಕೆ ಉದಾಹರಣೆ. ಬಟನ್ ಒತ್ತಿದ ಸುದ್ದಿ ಎರಡು ಹೆಣೆದ ವೈರುಗಳಲ್ಲಿ ಡಿಜಿಟಲ್ ಸಂದೇಶವಾಗಿ ಓಡುತ್ತದೆ. ಆ ಸಂದೇಶವನ್ನು ಸೆಟ್ಟಿಗೆ ಅರ್ಥವಾಗುವಂತೆ ಬದಲಿಸಿ ಕೊಡುವ ಕ್ಯಾನ್ ಬಾಕ್ಸ್ ಇದಕ್ಕೆ ಬೇಕೇ ಬೇಕು. ಪೋಲೊದಲ್ಲಿ ಸ್ಟೀರಿಯೊ ಪ್ಲಗ್ಗಿಗೆ ಕೀ ತಿರುಗಿಸಿದಾಗ ಬರುವ ಕರೆಂಟ್ ವೈರೇ ಇಲ್ಲ, ಆ ಸುದ್ದಿಯೂ ಕ್ಯಾನ್‌ನಲ್ಲೇ ಬರುತ್ತದೆ. ಸೆಟ್ಟಿನ ಫ್ಯಾಕ್ಟರಿ ಸೆಟ್ಟಿಂಗ್‌ನಲ್ಲಿ ಕಾರಿನ ಹೆಸರಿನ ಜೊತೆ ಬಾಕ್ಸ್ ತಯಾರಕರ ಹೆಸರೂ ಹೊಂದಬೇಕು. ಬಾಕ್ಸ್ ಒಂದು ಕಂಪನಿಯದ್ದು, ಆರಿಸಿದ್ದು ಇನ್ನೊಂದು ಎಂದಾದರೆ ಬಟನ್ ಕೆಲಸ ಮಾಡುವುದಿಲ್ಲ.

ಪತ್ತೆ ಹಚ್ಚಲು ಒಂದು ಮಲ್ಟಿಮೀಟರ್ ಸಾಕು. ಬ್ಯಾಟರಿಯ ಮೈನಸ್ ಬಿಚ್ಚಿ, ಹಳೇ ಸ್ಟೀರಿಯೊದ ಪ್ಲಗ್ ಎಳೆಯಿರಿ. ಆ ಪ್ಲಗ್ಗಿಗೆ ಬರುವ ಸ್ಟೀರಿಂಗಿನ ವೈರು ಮತ್ತು ಕಾರಿನ ಬಾಡಿ ನಡುವೆ ಓಮ್ ನೋಡುತ್ತಾ ಯಾರನ್ನಾದರೂ ಬಟನ್ ಒತ್ತಲು ಹೇಳಿ. ಒಂದೊಂದಕ್ಕೆ ಒಂದೊಂದು ಓಮ್ ಬಂದರೆ ರೆಸಿಸ್ಟರ್ ಬಗೆ. ಹೆಣೆದ ಎರಡು ವೈರುಗಳ ನಡುವೆ ಸುಮಾರು 60 ಓಮ್ ನಿಂತಿದ್ದು, ಯಾವ ಬಟನ್ ಒತ್ತಿದರೂ ಅಲುಗದಿದ್ದರೆ ಅದು ಕ್ಯಾನ್. ಹಳದಿ ಕವಚದ ವೈರು, ಹಳದಿ ಪ್ಲಗ್ ಕಂಡರೆ ಕೈ ಹಾಕಬೇಡಿ, ಮೀಟರ್ ಅಂತೂ ತಾಗಿಸಲೇಬೇಡಿ. ಅದು ಏರ್‌ಬ್ಯಾಗಿನದ್ದು. ಈ ಕೆಲಸಕ್ಕೆ ಸ್ಟೀರಿಂಗ್ ಚಕ್ರ ಬಿಚ್ಚುವ ಅಗತ್ಯವೇ ಇಲ್ಲ.

ಕೆಲಸ ಹಾಳಾಗುವ ಜಾಗ

ಎಲ್ಲರೂ ಎಡವುವುದು ಗ್ರೌಂಡಿನಲ್ಲಿ. KEY1 ಅನ್ನು ಸ್ಟೀರಿಂಗ್ ವೈರಿಗೆ ಜೋಡಿಸಿ ಅಲ್ಲಿಗೇ ಬಿಡುತ್ತಾರೆ. ಕೆಲವು ಕಾರುಗಳಲ್ಲಿ ಬಟನ್ನುಗಳ ವಾಪಸು ವೈರು ಬಾಡಿಗೆ ತಾಗುವುದಿಲ್ಲ, ಬೇರೆ ಪಿನ್ ಆಗಿ ಸ್ಟೀರಿಯೊ ಪ್ಲಗ್ಗಿಗೇ ಬರುತ್ತದೆ. ಬಾಡಿಗೆ ಅಳೆದಾಗ ಮೀಟರ್ ಏನೂ ತೋರಿಸದಿದ್ದರೆ ಆ ಪಿನ್ ಹುಡುಕಿ, ಅದನ್ನು ಸೆಟ್ಟಿನ ಕಪ್ಪು ಗ್ರೌಂಡ್ ವೈರಿಗೇ ಸೇರಿಸಿ. ದೂರದ ಯಾವುದೋ ಬೋಲ್ಟಿಗೆ ಕಟ್ಟಬೇಡಿ. ಹೆಡ್‌ಲೈಟ್, ಬ್ಲೋವರ್ ಹಾಕಿದಾಗ ಆ ಗ್ರೌಂಡ್ ಸ್ವಲ್ಪ ಅಲುಗುತ್ತದೆ, ಬಟನ್ ತಪ್ಪುತ್ತದೆ. ಹಗಲು ಸರಿ ಇದ್ದು ರಾತ್ರಿ ಕೆಡುವ ಬಟನ್ನಿಗೆ ಹೆಚ್ಚಾಗಿ ಇದೇ ಕಾರಣ.

ನಮ್ಮ ಕಡಲ ಗಾಳಿಗೆ ಇನ್ನೊಂದು ತಕರಾರು ಉಂಟು. ಪಿನ್ನುಗಳ ಮೇಲೆ ಉಪ್ಪಿನ ಕಿಲುಬು ಹಿಡಿದರೆ ಅದೂ ಒಂದು ರೆಸಿಸ್ಟರ್ ಆಗುತ್ತದೆ. ಲೆಕ್ಕಕ್ಕೆ ನೋಡಿ: ವಾಲ್ಯೂಮ್ ಏರಿಸುವ ಬಟನ್ 100 ಓಮ್, ಇಳಿಸುವುದು 300, ಮುಂದಿನ ಹಾಡು 1000 ಇದೆ ಎಂದುಕೊಳ್ಳಿ. ಸೆಟ್ ಒಳಗೆ 3.3 ವೋಲ್ಟ್ ಮತ್ತು 1000 ಓಮ್ ಇದ್ದರೆ ಅದಕ್ಕೆ ಕ್ರಮವಾಗಿ 0.3, 0.76, 1.65 ವೋಲ್ಟ್ ಕಾಣುತ್ತದೆ. ಈಗ ತುಕ್ಕು ಪಿನ್ನಿನಿಂದ 150 ಓಮ್ ಸೇರಿತು ಅನ್ನಿ. 100 ಇದ್ದದ್ದು 250 ಆಯಿತು, ಅಂದರೆ 0.66 ವೋಲ್ಟ್. ಏರಿಸಲು ಒತ್ತಿದರೆ ಇಳಿಯುತ್ತದೆ! ಹೊಸ ಸೆಟ್ಟನ್ನು ಬೈಯುವ ಮೊದಲು ಪಿನ್ನುಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಚಕ್ರ ನೇರ ಇದ್ದಾಗ ಸರಿ, ತಿರುಗಿಸಿದಾಗ ಮಾತ್ರ ಕೆಡುತ್ತದೆ ಎಂದಾದರೆ ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ ಎಂಬ ಸುರುಳಿ ವೈರು ಹೋಗಿರಬಹುದು. ಅದು ಏರ್‌ಬ್ಯಾಗಿಗೂ ಸಂಬಂಧಪಟ್ಟದ್ದು, ಗ್ಯಾರೇಜಿಗೆ ಬಿಡಿ.

ಈ ಕಡಲ ಗಾಳಿಯ ಕಾರಣಕ್ಕೇ ವೈರ್ ತಿರುಚಿ ಟೇಪ್ ಸುತ್ತುವುದು ಇಲ್ಲಿ ಬೇಡವೇ ಬೇಡ. ಬಿಸಿಲಿಗೆ ಟೇಪಿನ ಅಂಟು ಇಳಿಯುತ್ತದೆ, ಮಳೆಗಾಲಕ್ಕೆ ತಾಮ್ರ ಹಸಿರಾಗುತ್ತದೆ. ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ. ಒತ್ತಿದರೆ ವೈರ್ ಕಡಿಯುವ ನೀಲಿ ಕ್ಲಿಪ್ಪುಗಳೂ ಇಲ್ಲಿಗಲ್ಲ. ಕಾರಿನ ಮೂಲ ವೈರನ್ನೇ ಕತ್ತರಿಸುವ ಬದಲು ಕಾರಿನ ಪ್ಲಗ್ಗಿಗೆ ಹೊಂದುವ ರೆಡಿ ಹಾರ್ನೆಸ್ ಕೊಳ್ಳಿ. ಅದರಲ್ಲೂ ಸ್ಟೀರಿಂಗಿನ ಪಿನ್ ಖಾಲಿ ಇರುವುದುಂಟು. ಪ್ಲಗ್ ಎದುರಿಟ್ಟು ನೋಡಿ, ಖಾಲಿ ಇದ್ದರೆ ಒಂದು ಪಿನ್ ತುರುಕಿಸಿ.

ಉಳಿದದ್ದು

ಬ್ಯಾಟರಿ ಮತ್ತೆ ಜೋಡಿಸಿ, ಸೆಟ್ಟಿನ ಹಳದಿ ವೈರಿಗೆ ಸದಾ 12 ವೋಲ್ಟ್, ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ ಬರುವುದನ್ನು ಮೀಟರಿನಲ್ಲಿ ಖಚಿತ ಮಾಡಿಕೊಳ್ಳಿ. ಎರಡನ್ನೂ ಒಟ್ಟಿಗೆ ಕಟ್ಟಿದರೆ ಬ್ಯಾಟರಿ ಇಳಿಯುತ್ತದೆ. ಸ್ಪೀಕರಿನ ಮೈನಸ್ಸನ್ನು ಗ್ರೌಂಡ್ ಮಾಡಬೇಡಿ. ಎಫ್‌ಎಂ ಗೊರಗೊರ ಎಂದರೆ ಆಂಟೆನಾದ ಕರೆಂಟ್ ವೈರು ಮರೆತಿರಬಹುದು.

ಬಟನ್ ಕಲಿಸುವುದು ಕೊನೆಗೆ. ಸೆಟ್ಟಿಂಗಿನಲ್ಲಿ Key Study ಅಥವಾ SWC ಎಂದು ಇರುತ್ತದೆ. ಸ್ಟೀರಿಂಗಿನ ಬಟನ್ ಒತ್ತಿ ಹಿಡಿದು, ಸ್ಕ್ರೀನಿನಲ್ಲಿ ಅದರ ಕೆಲಸ ಆರಿಸಿ, ಬಿಡಿ. ಎಲ್ಲಾ ಮುಗಿದ ಮೇಲೆ ಸೇವ್ ಒತ್ತಿ. ಹೆಡ್‌ಲೈಟ್ ಹಾಕಿ, ಬ್ಲೋವರ್ ಜೋರು ಮಾಡಿ, ಚಕ್ರ ಎರಡೂ ಬದಿಗೆ ತಿರುಗಿಸಿ ಮತ್ತೊಮ್ಮೆ ಎಲ್ಲಾ ಬಟನ್ ಒತ್ತಿ ನೋಡಿ. ಎಲ್ಲ ಸರಿ ಇದೆ ಎಂದಾದ ಮೇಲಷ್ಟೇ ಫ್ರೇಮ್ ಒತ್ತಿ ಕೂರಿಸಿ. ಹಳೇ ಸ್ಟೀರಿಯೊ ಗುಜರಿಗೆ ಹಾಕಬೇಡಿ, ಕಾರು ಮಾರುವಾಗ ಕೇಳುವವರಿದ್ದಾರೆ.