ಆರು ಕ್ರಮ, ಐದೇ ಮರ: ಬಿಎಸ್‌ಟಿ ಎಣಿಕೆಯನ್ನು ನಾನು ಹೇಳಿಕೊಡುವ ದಾರಿ

ಬಾಗಲಕೋಟೆಯ ನವನಗರದಲ್ಲಿ ಸಂಜೆ ಹೊತ್ತು ಇಂಜಿನಿಯರಿಂಗ್ ಹುಡುಗರಿಗೆ ಡೇಟಾ ಸ್ಟ್ರಕ್ಚರ್ ಹೇಳಿಕೊಡುತ್ತೇನೆ. n ಕೀಗಳಿಂದ ಬೇರೆ ಬೇರೆ ಬೈನರಿ ಸರ್ಚ್ ಟ್ರೀ ಎಷ್ಟು ಆಗುತ್ತವೆ ಅನ್ನೋ ಪ್ರಶ್ನೆಗೆ ಹೆಚ್ಚಿನವರು ಉತ್ತರ ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ಕ್ಯಾಟಲಾನ್ ನಂಬರ್, 1, 2, 5, 14, 42, ಮುಗೀತು. ಮೂರು ಕೀಗೆ ಐದೇ ಯಾಕೆ, ಆರು ಯಾಕಲ್ಲ ಅಂತ ಕೇಳಿದರೆ ಮಾತ್ರ ಎಲ್ಲರೂ ನೋಟ್‌ಬುಕ್ ನೋಡುತ್ತಾರೆ. ಅದಕ್ಕೇ ನಾನು ಸೂತ್ರ ಬರೆಯುವುದಿಲ್ಲ, ಈ ಆರು–ಐದರ ಜಗಳದಿಂದಲೇ ಶುರು ಮಾಡುತ್ತೇನೆ.

ಒಮ್ಮೆ ಜಮಖಂಡಿ ಕಡೆಯ ಒಬ್ಬ ಹುಡುಗಿ ನೇರವಾಗಿ ಕೇಳಿದಳು: "ಸರ್, ಮೂರು ಕೀ ಅಂದ್ರ ಆರು ಥರಾ ಹಾಕಬಹುದಲ್ರಿ. ಆರು ಟ್ರೀ ಬರಬೇಕಲ್ರಿ?"

"ಬೋರ್ಡಿಗೆ ಬಾರವಾ, ಆರೂ ಹಾಕಿ ತೋರಿಸು" ಅಂದೆ.

1, 2, 3 ಈ ಕ್ರಮದಲ್ಲಿ ಹಾಕಿದರೆ ಬಲಕ್ಕೆ ಇಳಿಯುವ ಸರಪಳಿ. 3, 2, 1 ಹಾಕಿದರೆ ಎಡಕ್ಕೆ. 1, 3, 2 ಮತ್ತು 3, 1, 2 ಎರಡೂ ಅಂಕುಡೊಂಕು, ಆದರೆ ಬೇರೆ ಬೇರೆ. ನಾಲ್ಕಾಯಿತು. 2, 1, 3 ಹಾಕಿದಳು: ಮೇಲೆ 2, ಎಡಕ್ಕೆ 1, ಬಲಕ್ಕೆ 3. ಕೊನೆಗೆ 2, 3, 1 ಹಾಕೋಕೆ ಹೋಗಿ ಸೀಮೆಸುಣ್ಣ ಅಲ್ಲೇ ನಿಂತಿತು. "ಇದು ಅದೇ ಬಂತಲ್ರಿ." ಹೌದು, ಅದೇ. 2 ಮೇಲೆ ಕೂತ ಮೇಲೆ 1 ಎಡಕ್ಕೇ ಹೋಗಬೇಕು, 3 ಬಲಕ್ಕೇ ಹೋಗಬೇಕು, ಅವುಗಳಲ್ಲಿ ಯಾವುದು ಮೊದಲು ಬಂತು ಅನ್ನೋದು ಮರಕ್ಕೆ ಗೊತ್ತೇ ಆಗುವುದಿಲ್ಲ. ಹಾಕುವ ಕ್ರಮ ಆರು, ಮರ ಐದು.

ನನ್ನ ಪ್ರಕಾರ ಇಡೀ ವಿಷಯ ಇರೋದು ಇಲ್ಲೇ. ಇದು ಕಂಡ ಮೇಲೆ ರಿಕರೆನ್ಸ್ ತಾನಾಗಿ ಬರುತ್ತದೆ.

ಈಗ ನಾಲ್ಕು ಕೀ ತಗೊಳ್ಳೋಣ: 10, 25, 40, 70. ಬೆಲೆ ಏನಿದ್ದರೂ ಪರವಾಗಿಲ್ಲ, ಎಲ್ಲ ಬೇರೆ ಬೇರೆ ಇದ್ದರೆ ಸಾಕು, ಯಾಕಂದರೆ ಮರ ಕೇಳುವುದು ಯಾವುದು ಚಿಕ್ಕದು ಯಾವುದು ದೊಡ್ಡದು ಅಂತ ಅಷ್ಟೇ. ಒಂದೇ ಪ್ರಶ್ನೆ ಕೇಳಿ: ರೂಟ್ ಯಾವುದು? ರೂಟ್ 25 ಅಂತಾದರೆ ಎಡಕ್ಕೆ 10 ಒಂದೇ ಹೋಗಬೇಕು, ಬಲಕ್ಕೆ 40 ಮತ್ತು 70 ಹೋಗಬೇಕು. ಇದರಲ್ಲಿ ನಮಗೆ ಆಯ್ಕೆ ಇಲ್ಲ. ಆಯ್ಕೆ ಇರುವುದು ಎಡಗಡೆಯದನ್ನು ಹೇಗೆ ಕಟ್ಟಬೇಕು, ಬಲಗಡೆಯದನ್ನು ಹೇಗೆ ಕಟ್ಟಬೇಕು ಅನ್ನೋದರಲ್ಲಿ. ಒಂದು ಕೀಯನ್ನು ಒಂದೇ ರೀತಿ ಕಟ್ಟಬಹುದು, ಎರಡು ಕೀಯನ್ನು ಎರಡು ರೀತಿ, ಹಾಗಾಗಿ ರೂಟ್ 25 ಇರುವ ಮರಗಳು 1 × 2 = 2.

ಇಲ್ಲಿ ಗುಣಿಸಬೇಕೋ ಕೂಡಿಸಬೇಕೋ ಅಂತ ಕೆಲವರು ತಡವರಿಸುತ್ತಾರೆ. ಖಾನಾವಳಿಯಲ್ಲಿ ರೊಟ್ಟಿ ಎರಡು ಥರ, ಬಿಸಿ ಮತ್ತು ಕಡಕ್, ಪಲ್ಯ ಐದು ಥರ ಇದ್ದರೆ ತಟ್ಟೆ ಎಷ್ಟು ಥರ ಆಗುತ್ತದೆ? ಹತ್ತು. ಏಳು ಅಂತ ಯಾರೂ ಹೇಳಲ್ಲ. ಒಂದೇ ಮರದಲ್ಲಿ ಎಡವೂ ಬಲವೂ ಜೊತೆಗೇ ಇರುತ್ತವೆ, ಅದಕ್ಕೆ ಗುಣಾಕಾರ. ರೂಟ್ ಮಾತ್ರ ಒಂದು ಮರಕ್ಕೆ ಒಂದೇ, ರೂಟ್ 25 ಇರುವ ಮರ ರೂಟ್ 40 ಇರುವ ಮರ ಆಗಲಾರದು, ಅದಕ್ಕೆ ಬೇರೆ ಬೇರೆ ರೂಟಿನ ಲೆಕ್ಕಗಳನ್ನು ಕೂಡಿಸುತ್ತೇವೆ.

ರೂಟ್ 10 ಆದರೆ ಎಡಕ್ಕೆ ಏನೂ ಇಲ್ಲ, ಬಲಕ್ಕೆ ಮೂರು. ಮೂರು ಕೀಗೆ ಐದು ಮರ ಅಂತ ಈಗಷ್ಟೇ ನೋಡಿದೆವು. ಖಾಲಿ ಕಡೆಗೆ ಎಷ್ಟು? ಒಂದು. ಖಾಲಿ ಬಿಡುವುದೂ ಒಂದು ರೀತಿಯೇ. ಹಾಗಾಗಿ 1 × 5 = 5. ರೂಟ್ 40 ಆದರೆ 2 × 1 = 2, ರೂಟ್ 70 ಆದರೆ 5 × 1 = 5. ಒಟ್ಟು 5 + 2 + 2 + 5 = 14. ಇದನ್ನೇ ಸೂತ್ರದಲ್ಲಿ ಬರೆದರೆ:

```
C(0) = 1
C(n) = C(0)·C(n-1) + C(1)·C(n-2) + ... + C(n-1)·C(0)
```

ಖಾಲಿ ಮರಕ್ಕೆ 0 ಹಾಕುವವರು ಬೇಕಾದಷ್ಟು ಮಂದಿ. ಗುಣಿಸುತ್ತಿದ್ದರೆ ತಕ್ಷಣ ಸಿಕ್ಕಿಬೀಳುತ್ತಾರೆ, ಎರಡು ಕೀಗೇ ಉತ್ತರ ಸೊನ್ನೆ ಬರುತ್ತದೆ. ಆದರೆ ಖಾಲಿಗೆ 0, ಒಂದು ಕೀಗೆ 1 ಹಾಕಿ, ಜೊತೆಗೆ ಗುಣಿಸುವ ಕಡೆ ಕೂಡಿಸಿಬಿಟ್ಟರೆ ಮಜಾ ನೋಡಿ. ಎರಡು ಕೀಗೆ (0+1) + (1+0) = 2, ಸರಿ ಉತ್ತರ. ಮೂರು ಕೀಗೆ (0+2) + (1+1) + (2+0) = 6. ಆರು ಮರ ಬರಬೇಕು ಅಂತ ಮೊದಲೇ ಅಂದುಕೊಂಡವರಿಗೆ ಇದು ಸಾಕ್ಷಿ ಹೇಳಿದ ಹಾಗೆ ಆಗುತ್ತದೆ! ನಾಲ್ಕಕ್ಕೆ ಹೋದಾಗ 18 ಬರುತ್ತದೆ, ಅದು 14 ಕೂಡ ಅಲ್ಲ, 24 ಕೂಡ ಅಲ್ಲ, ಆಗ ಬಣ್ಣ ಬಯಲು. ಅದಕ್ಕೆ ಮೂರರಲ್ಲಿ ನಿಲ್ಲಿಸಬೇಡಿ, ನಾಲ್ಕನ್ನು ಕೈಯಲ್ಲೇ ಮಾಡಿ ನೋಡಿ ಅನ್ನುತ್ತೇನೆ.

ಆರು–ಐದರ ಜಗಳಕ್ಕೆ ಮತ್ತೆ ಬರೋಣ. ನನಗೆ ಬಹಳ ಇಷ್ಟವಾದ ಭಾಗ ಇದು, ಪುಸ್ತಕಗಳಲ್ಲಿ ಇದನ್ನು ಬಿಡಿಸಿ ಹೇಳುವುದು ಕಡಿಮೆ. ಹಾಕುವ ಕ್ರಮಗಳನ್ನೂ ಇದೇ ರೀತಿ ರೂಟ್ ಹಿಡಿದು ಎಣಿಸಬಹುದು. ರೂಟ್ 25 ಮೊದಲು ಬರಬೇಕು. ಉಳಿದ ಮೂರರಲ್ಲಿ 10 ಎಡದ್ದು, 40 ಮತ್ತು 70 ಬಲದ್ದು. ಬಲದ ಎರಡನ್ನು ತಮ್ಮೊಳಗೆ ಎರಡು ಕ್ರಮದಲ್ಲಿ ಹಾಕಬಹುದು. ಆಮೇಲೆ ಎಡದ 10 ಅನ್ನು ಬಲದವುಗಳ ನಡುವೆ ಎಲ್ಲಿ ಬೇಕಾದರೂ ತೂರಿಸಬಹುದು: ಮೊದಲು, ಮಧ್ಯ, ಕೊನೆ, ಅಂದರೆ ಮೂರು ಜಾಗ. ಒಟ್ಟು 1 × 2 × 3 = 6 ಕ್ರಮ. ನಾಲ್ಕೂ ರೂಟಿಗೆ ಆರಾರು ಕ್ರಮ ಬಂದು 24, ಅಂದರೆ 4! ಆಯಿತು. ಈಗ ಆ ತೂರಿಸುವ 3 ಅನ್ನು ಹೊಡೆದುಹಾಕಿ, ಎಡಕ್ಕೂ ಬಲಕ್ಕೂ ಕ್ರಮದ ಬದಲು ಮರಗಳನ್ನೇ ಎಣಿಸಿ. ಅದೇ 1 × 2 ಉಳಿಯುತ್ತದೆ, ಅದೇ ನಮ್ಮ ರಿಕರೆನ್ಸ್. ಎಡ–ಬಲವನ್ನು ಹೆಣೆಯುವ ಆ ಒಂದು ಸಂಖ್ಯೆ ಇದ್ದರೆ n!, ಇಲ್ಲದಿದ್ದರೆ ಕ್ಯಾಟಲಾನ್. ಇದನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ನಂಬಿಕೆ ಬರದಿದ್ದರೆ ಕಂಪ್ಯೂಟರಿಗೆ ಕೊಡಿ. ಎಲ್ಲ ಕ್ರಮದಲ್ಲೂ ಹಾಕಿ, ಒಂದೊಂದು ಮರಕ್ಕೂ ಒಂದು ಗುರುತು ತೆಗೆದು, ಬೇರೆ ಬೇರೆ ಗುರುತು ಎಷ್ಟಿವೆ ಅಂತ ಎಣಿಸಿದರೆ ಆಯ್ತು.

```python
from itertools import permutations

def pre(keys):
    if not keys:
        return ()
    r = keys[0]
    left = [k for k in keys if k < r]
    right = [k for k in keys if k > r]
    return (r,) + pre(left) + pre(right)

for n in range(1, 8):
    print(n, len({pre(p) for p in permutations(range(1, n + 1))}))
```

1, 2, 5, 14, 42, 132, 429 ಬರುತ್ತದೆ. ಇಲ್ಲಿ ಗುರುತಾಗಿ ಪ್ರಿಆರ್ಡರ್ ಇಟ್ಟಿದ್ದೇನೆ. ಇನ್ಆರ್ಡರ್ ಇಟ್ಟರೆ ಪ್ರತಿ n ಗೂ 1 ಬರುತ್ತದೆ, ಯಾಕಂದರೆ ಯಾವ ಬಿಎಸ್‌ಟಿಯ ಇನ್ಆರ್ಡರ್ ಆದರೂ ಅದೇ ಏರಿಕೆ ಕ್ರಮವೇ ಅಲ್ವಾ. ಬಿಎಸ್‌ಟಿಯಲ್ಲಿ ಪ್ರಿಆರ್ಡರ್ ಒಂದೇ ಸಾಕು, ಮರವನ್ನು ಪೂರ್ತಿ ಮತ್ತೆ ಕಟ್ಟಬಹುದು.

ಲೆಕ್ಕಕ್ಕೆ ರಿಕರೆನ್ಸನ್ನು ಹಾಗೇ ರಿಕರ್ಶನ್ ಮಾಡಿ ಬರೆಯಬೇಡಿ. C(n) ಕೇಳಿದಾಗ ಅದಕ್ಕಿಂತ ಚಿಕ್ಕದು ಪ್ರತಿಯೊಂದನ್ನೂ ಎರಡೆರಡು ಸಲ ಕೇಳುತ್ತದೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. n = 0 ಗೆ ಒಂದು ಕಾಲ್, 1 ಕ್ಕೆ 3, 2 ಕ್ಕೆ 9, ಹೀಗೆ ಸರಿಯಾಗಿ 3 ರ ಘಾತದಲ್ಲೇ ಬೆಳೆಯುತ್ತದೆ. n = 19 ಕ್ಕೆ 116 ಕೋಟಿಗೂ ಜಾಸ್ತಿ ಕಾಲ್. ಒಂದು ಪಟ್ಟಿ ಇಟ್ಟುಕೊಂಡರೆ ಇದೇ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ:

```java
long[] c = new long[n + 1];
c[0] = 1;
for (int m = 1; m <= n; m++)
    for (int r = 1; r <= m; r++)
        c[m] += c[r - 1] * c[m - r];
```

ಎಡಕ್ಕೆ `r - 1`, ಬಲಕ್ಕೆ `m - r`. ಎರಡನ್ನೂ ಕೂಡಿಸಿದರೆ `m - 1` ಬರಬೇಕು, ರೂಟ್ ಒಂದು ಹೋಯಿತಲ್ಲ. ಇಂಡೆಕ್ಸ್ ಸರಿ ಇದೆಯಾ ಅಂತ ನೋಡೋಕೆ ನಾನು ಇದೊಂದನ್ನೇ ನೋಡುತ್ತೇನೆ.

ಇದರಲ್ಲಿ `int` ಇಟ್ಟರೂ n = 19 ರವರೆಗೆ ತೊಂದರೆ ಇಲ್ಲ, C(19) = 1767263190, ಮಿತಿಯೊಳಗೇ ಇದೆ. 20 ಕ್ಕೆ 6564120420, ಮಿತಿ ದಾಟಿತು, ಜಾವಾದಲ್ಲಿ -2025814172 ಅಂತ ಬರುತ್ತದೆ. ಮೈನಸ್ ಮರ! `long` ಇಟ್ಟರೆ 35 ರವರೆಗೆ ನಡೆಯುತ್ತದೆ.

ಪಟ್ಟಿಯೂ ಬೇಡ, ಒಂದರಿಂದ ಮುಂದಿನದಕ್ಕೆ ಹಾರೋಣ ಅನ್ನುವವರು `c = c * 2 * (2*i + 1) / (i + 2)` ಬರೆಯುತ್ತಾರೆ. ಒಳ್ಳೆಯದೇ, ಆದರೆ ಎರಡು ಕಡೆ ಕೈ ಕೊಡುತ್ತದೆ. ಭಾಗಾಕಾರಕ್ಕೆ ಬ್ರಾಕೆಟ್ ಹಾಕಿ ಅದನ್ನು ಮೊದಲು ಮಾಡಿಸಿದರೆ, i = 2 ಇದ್ದಾಗ 10/4 ಹೋಗಿ 2 ಆಗುತ್ತದೆ, ಮೂರು ಕೀಗೆ 4 ಮರ ಬರುತ್ತದೆ. ಮೊದಲು ಗುಣಿಸಿ, ಆಮೇಲೆ ಭಾಗಿಸಿ, ಆಗ ಯಾವಾಗಲೂ ಶೇಷ ಉಳಿಯುವುದಿಲ್ಲ. ಇನ್ನೊಂದು, ಗುಣಿಸಿದಾಗ ನಡುವೆ ಬರುವ ಸಂಖ್ಯೆ ಉತ್ತರಕ್ಕಿಂತ ದೊಡ್ಡದು. C(17) = 129644790, `int` ಒಳಗೆ ಆರಾಮಾಗಿ ಹಿಡಿಸುತ್ತದೆ, ಆದರೆ ಅಲ್ಲಿಗೆ ಹೋಗುವ ದಾರಿಯಲ್ಲಿ 35357670 × 66 ಬರುತ್ತದೆ, ಅದು 233 ಕೋಟಿ ದಾಟುತ್ತದೆ. ಹಾಗಾಗಿ ಪಟ್ಟಿ 19 ರವರೆಗೆ ಸರಿ ಹೇಳಿದರೆ, ಇದು 17 ರಲ್ಲೇ ಮೈನಸ್ ತೋರಿಸುತ್ತದೆ. ನಾನಂತೂ ಪಟ್ಟಿಯ ಕಡೆ, ಅದರಲ್ಲಿ ಎಡ, ಬಲ, ರೂಟ್ ಕಣ್ಣಿಗೆ ಕಾಣುತ್ತವೆ.

ಹೆಸರಿನ ಬಗ್ಗೆ ಒಂದು ಮಾತು. ಕ್ಯಾಟಲಾನ್ ಇದರ ಮೇಲೆ ಬರೆದದ್ದು 1838ರಲ್ಲಿ. ಆದರೆ ಆಯ್ಲರ್ 1751ರಲ್ಲೇ ಗೋಲ್ಡ್‌ಬಾಕ್‌ಗೆ ಬರೆದ ಪತ್ರದಲ್ಲಿ, ಬಹುಭುಜವನ್ನು ಕರ್ಣಗಳಿಂದ ತ್ರಿಕೋನಗಳಾಗಿ ಎಷ್ಟು ರೀತಿ ಕತ್ತರಿಸಬಹುದು ಅಂತ ಕೇಳಿ ಇದೇ ಸಂಖ್ಯೆಗಳನ್ನು ಹೇಳಿದ್ದ. ನಾವು ಮೇಲೆ ಬರೆದ ರಿಕರೆನ್ಸನ್ನು ಕೊಟ್ಟಿದ್ದು ಸೆಗ್ನರ್, ಅವನೂ ಬಹುಭುಜಕ್ಕೇ. ಒಂದು ಬದಿ ಹಿಡಿದು, ಅದರ ತ್ರಿಕೋನದ ತುದಿ ಯಾವ ಮೂಲೆ ಅಂತ ಕೇಳಿದರೆ ಬಹುಭುಜ ಎಡ–ಬಲ ಎರಡು ಹೋಳಾಗುತ್ತದೆ. ನಮ್ಮ ರೂಟ್ ಅಲ್ಲಿ ತ್ರಿಕೋನ.

ಗೇಟ್‌ಗೆ ಓದುವವರು ಪ್ರಶ್ನೆಯ ಮಾತನ್ನು ಸರಿಯಾಗಿ ಓದಬೇಕು. "ಮೂರು ನೋಡ್‌ಗಳ ಬೈನರಿ ಟ್ರೀ ಆಕಾರ ಎಷ್ಟು" ಅಂದರೂ 5, "ಮೂರು ಕೀಗಳ ಬಿಎಸ್‌ಟಿ ಎಷ್ಟು" ಅಂದರೂ 5, ಯಾಕಂದರೆ ಒಂದು ಆಕಾರ ಕೊಟ್ಟರೆ ಅದರಲ್ಲಿ ಕೀಗಳನ್ನು ಬಿಎಸ್‌ಟಿ ಆಗುವ ಹಾಗೆ ಕೂರಿಸಲು ಒಂದೇ ದಾರಿ. ಆದರೆ "ಹೆಸರಿಟ್ಟ ಮೂರು ನೋಡ್‌ಗಳ ಬೈನರಿ ಟ್ರೀ ಎಷ್ಟು" ಅಂದರೆ ಸರ್ಚ್ ನಿಯಮ ಹೋಯಿತು, ಪ್ರತಿ ಆಕಾರದಲ್ಲೂ ಹೆಸರುಗಳನ್ನು 3! ರೀತಿ ಕೂರಿಸಬಹುದು, ಉತ್ತರ 5 × 6 = 30. ಆ ಹುಡುಗಿಯ ಆರಕ್ಕೆ ಜಾಗ ಇರುವುದು ಈ ಪ್ರಶ್ನೆಯಲ್ಲಿ.