ಮಾರಿದ್ದು 800ಕ್ಕೆ, ಕೈಗೆ ಬಂದದ್ದು 551: ಸೆಟಲ್‌ಮೆಂಟ್ ಪಟ್ಟಿ ಓದುವುದು ಹೇಗೆ?

ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರುವವರು ಸೆಟಲ್‌ಮೆಂಟ್ ಪಟ್ಟಿ ಬಂದಾಗ ಮೊದಲು ನೋಡುವುದು ಕೊನೆಯ ಸಾಲನ್ನು, ಅಂದರೆ ಬ್ಯಾಂಕಿಗೆ ಜಮಾ ಆದ ಮೊತ್ತವನ್ನು. ಲಾಭವಾಯಿತೇ ಎಂಬುದನ್ನು ಆ ಸಾಲು ಹೇಳುವುದಿಲ್ಲ. ಈ ಅವಧಿಯ ಮಾರಾಟ ಮತ್ತು ಹಿಂದಿನ ಅವಧಿಯಲ್ಲಿ ಮಾರಿ ಈಗ ವಾಪಸ್ ಬಂದ ಮಾಲು, ಎರಡೂ ಅದರಲ್ಲಿ ಬೆರೆತಿರುತ್ತವೆ. ಆದ್ದರಿಂದ ಪಟ್ಟಿಯನ್ನು ದಿನಾಂಕದ ಪ್ರಕಾರ ಓದದೆ ಆರ್ಡರ್ ಸಂಖ್ಯೆಯ ಪ್ರಕಾರ ಓದಬೇಕು.

ಮೊದಲು ಒಂದು ಆರ್ಡರ್ ಬಿಡಿಸಿ

ಬೆಲೆ 800 ಇರುವ ಒಂದು ವಸ್ತು ಮಾರಾಟವಾಗಿದೆ ಎಂದಿಟ್ಟುಕೊಳ್ಳಿ. ಕಮಿಷನ್ 12 ಶೇಕಡ ಇದ್ದರೆ 96 ಹೋಯಿತು. ಬಹಳಷ್ಟು ಕಡೆ ಕಮಿಷನ್ ಲೆಕ್ಕ ಹಾಕುವುದು ತೆರಿಗೆ ಸೇರಿದ ಮಾರಾಟ ಬೆಲೆಯ ಮೇಲೆ. ತೆರಿಗೆ ಕಳೆದ ಬೆಲೆಗೆ ಲೆಕ್ಕ ಹಾಕಿದರೆ ನಿಮ್ಮ ಉತ್ತರ ಪಟ್ಟಿಯ ಜೊತೆ ತಾಳೆಯಾಗುವುದಿಲ್ಲ. ನಿಗದಿ ಶುಲ್ಕ 25. ಇದು ಸಾಮಾನ್ಯವಾಗಿ ಬೆಲೆಯ ಹಂತಕ್ಕೆ ತಕ್ಕಂತೆ ಬದಲಾಗುವುದರಿಂದ, ಬೆಲೆಯನ್ನು ಸ್ವಲ್ಪವೇ ಏರಿಸಿದರೂ ಮುಂದಿನ ಹಂತಕ್ಕೆ ಬಿದ್ದು ಕೈಗೆ ಬರುವ ಹಣ ಕಡಿಮೆಯಾಗಬಹುದು. ಸಾಗಣೆಗೆ 90. ಒಟ್ಟು ಶುಲ್ಕ 211. ಶುಲ್ಕದ ಮೇಲಿನ ತೆರಿಗೆ 18 ಶೇಕಡ ಎಂದಾದರೆ 37.98. ಎಲ್ಲ ಕಳೆದು ಉಳಿಯುವುದು 551.02.

ಸಾಗಣೆಯ ಸಾಲಿನಲ್ಲಿ ತೂಕ ನೋಡಿ

ಹೆಚ್ಚಿನ ತಕರಾರು ಹುಟ್ಟುವುದು ಇಲ್ಲೇ. ವಸ್ತುವಿನ ತೂಕ 700 ಗ್ರಾಂ, ಆದರೆ ಪಟ್ಟಿಯಲ್ಲಿ 1.5 ಕೆಜಿ ಎಂದಿದೆ. ಇದು ತಪ್ಪೇ ಆಗಿರಬೇಕಿಲ್ಲ. ಕೊರಿಯರ್‌ನವರು ತಕ್ಕಡಿಯ ತೂಕದ ಜೊತೆಗೆ ಪೆಟ್ಟಿಗೆಯ ಗಾತ್ರದ ತೂಕವನ್ನೂ ಲೆಕ್ಕ ಹಾಕಿ, ಯಾವುದು ಹೆಚ್ಚೋ ಅದಕ್ಕೆ ಹಣ ಹಿಡಿಯುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ.

30 × 20 × 10 ಅಳತೆಯ ಪೆಟ್ಟಿಗೆಗೆ ಇದು 1.2 ಕೆಜಿ. 500 ಗ್ರಾಂನ ಹಂತಗಳಿದ್ದರೆ ಅದು 1.5 ಕೆಜಿಯ ದರಕ್ಕೆ ಏರುತ್ತದೆ. ಅದೇ ಮಾಲನ್ನು 25 × 18 × 10ರ ಪೆಟ್ಟಿಗೆಗೆ ಹಾಕಿದರೆ 0.9 ಕೆಜಿ, ಅಂದರೆ 1 ಕೆಜಿಯ ದರ. ಲೆಕ್ಕಕ್ಕೆ ಸರಿಯಾಗಿ ಗಡಿಯಲ್ಲೇ ನಿಲ್ಲುವ ಪೆಟ್ಟಿಗೆ ಬೇಡ. ತುಂಬಿದ ಮೇಲೆ ಮುಚ್ಚಳ ಸ್ವಲ್ಪ ಉಬ್ಬಿದರೂ ಅಳೆಯುವ ಯಂತ್ರ ಅದನ್ನು ಮುಂದಿನ ಹಂತಕ್ಕೆ ತಳ್ಳುತ್ತದೆ. ಪ್ಯಾಕ್ ಮಾಡಿದ ಮೇಲೆ ಅಳತೆಪಟ್ಟಿ ಇಟ್ಟು ತೆಗೆದ ಫೋಟೊ ಇದ್ದರೆ, ನಿಜವಾಗಿಯೂ ತಪ್ಪು ತೂಕ ಬಿದ್ದಾಗ ದೂರು ನಿಲ್ಲುತ್ತದೆ.

ವಾಪಸಾತಿಯ ಸಾಲುಗಳು

ಈಗ ಆ 800ರ ಮಾಲು ಗ್ರಾಹಕರಿಂದ ವಾಪಸ್ ಬಂದಿದೆ. ಮುಂದಿನ ಪಟ್ಟಿಯಲ್ಲಿ ಅದೇ ಆರ್ಡರ್ ಸಂಖ್ಯೆಯಡಿ ಮೈನಸ್ 800 ಕಾಣುತ್ತದೆ. ಕಮಿಷನ್ 96 ಮತ್ತು ಅದರ ತೆರಿಗೆ 17.28 ಮರಳಿ ಬಂದಿವೆ. ಕಳಿಸಿದ ಸಾಗಣೆ ವೆಚ್ಚ, ನಿಗದಿ ಶುಲ್ಕ ಬಂದಿಲ್ಲ. ಮೇಲಿಂದ ವಾಪಸ್ ಸಾಗಣೆಗೆ 90, ಅದರ ತೆರಿಗೆ 16.20 ಹೋಗಿದೆ. ಈ ಪಟ್ಟಿಯ ಮೊತ್ತ ಮೈನಸ್ 792.92. ಹಿಂದಿನ ಪಟ್ಟಿಯ 551.02 ಜೊತೆ ಕೂಡಿಸಿದರೆ ಈ ಆರ್ಡರ್‌ನಿಂದಾದ ನಷ್ಟ 241.90. ಹತ್ತರಲ್ಲಿ ಒಂದು ಹೀಗೆ ಮರಳಿದರೆ, ಉಳಿದ ಒಂಬತ್ತರಲ್ಲಿ ಪ್ರತಿಯೊಂದೂ ಸುಮಾರು 27ರ ಹೊರೆ ಹೊರಬೇಕು. ಬೆಲೆ ಕಟ್ಟುವಾಗ ಬಿಟ್ಟುಹೋಗುವುದು ಇದೇ ಅಂಕಿ.

ನಿಮ್ಮ ಮಾರುಕಟ್ಟೆ ಯಾವ ಶುಲ್ಕ ಮರಳಿಸುತ್ತದೆ ಎಂಬುದು ಅದರ ದರಪಟ್ಟಿಯಲ್ಲಿರುತ್ತದೆ. ಜೊತೆಗೆ ವಾಪಸಾತಿಯ ಬಗೆ ಎಂಬ ಕಾಲಂ ನೋಡಿ. ಗ್ರಾಹಕರು ತೆರೆದು ಮರಳಿಸಿದ್ದು ಬೇರೆ, ತಲುಪಿಸಲಾಗದೆ ಕೊರಿಯರ್‌ನವರೇ ಹಿಂದಕ್ಕೆ ತಂದದ್ದು ಬೇರೆ. ಎರಡನೆಯದಕ್ಕೆ ದರ ಕಡಿಮೆ ಅಥವಾ ಸೊನ್ನೆ ಎಂದು ದರಪಟ್ಟಿಯಲ್ಲಿದ್ದೂ ಮೊದಲನೆಯದರ ದರ ಬಿದ್ದಿದ್ದರೆ, ಗಡುವು ಮುಗಿಯುವ ಮೊದಲೇ ಕ್ಲೇಮ್ ಹಾಕಿ.

ಶೀಟಿನಲ್ಲಿ ಕೂಡಿಸುವುದು

ಎರಡು ಮೂರು ಅವಧಿಗಳ ಪಟ್ಟಿಗಳನ್ನು ಒಂದೇ ಶೀಟಿನಲ್ಲಿ ಒಂದರ ಕೆಳಗೊಂದು ಅಂಟಿಸಿ. ಆರ್ಡರ್ ಸಂಖ್ಯೆ A ಕಾಲಂನಲ್ಲಿ, ಮೊತ್ತ F ಕಾಲಂನಲ್ಲಿ ಇದ್ದರೆ ಸೂತ್ರ ಹೀಗೆ:

```
=SUMIFS(F:F,A:A,A2)
```

ಒಂದು ಎಚ್ಚರಿಕೆ. ಎಕ್ಸೆಲ್ ಯಾವುದೇ ಸಂಖ್ಯೆಯ ಮೊದಲ 15 ಅಂಕೆಗಳನ್ನಷ್ಟೇ ನೆನಪಿಡುತ್ತದೆ. ಆರ್ಡರ್ ಸಂಖ್ಯೆ ಅದಕ್ಕಿಂತ ಉದ್ದವಿದ್ದು ಬರೀ ಅಂಕೆಗಳೇ ಆಗಿದ್ದರೆ ಕೊನೆಯವು ಸೊನ್ನೆಯಾಗುತ್ತವೆ, ಬೇರೆ ಬೇರೆ ಆರ್ಡರ್‌ಗಳು ಒಂದೇ ಎಂದು ಕೂಡಿಹೋಗುತ್ತವೆ. ಫೈಲ್ ತೆರೆಯುವಾಗಲೇ ಆ ಕಾಲಂ ಅನ್ನು ಟೆಕ್ಸ್ಟ್ ಎಂದು ಆರಿಸಿಕೊಂಡು, ಪ್ರತಿ ಸಂಖ್ಯೆಯ ಮುಂದೆ ಒಂದು ಅಕ್ಷರ ಸೇರಿಸಿದ ಮೇಲೆಯೇ ಸೂತ್ರ ಹಾಕಿ. ಮೈನಸ್ ಬಂದ ಆರ್ಡರ್‌ಗಳನ್ನು ಬೇರ್ಪಡಿಸಿದರೆ, ಯಾವ ವಸ್ತು ಮತ್ತೆ ಮತ್ತೆ ಮರಳುತ್ತಿದೆ ಎಂಬುದು ಅಲ್ಲೇ ಕಾಣುತ್ತದೆ.